ಅಸಿಟಿಕ್ ಆಸಿಡ್ ಗ್ರಾಫ್ ಸೊನ್ನೆಗೆ ಎಳೆದರೆ ಪ್ರತಿ ಸಲ ಬೇರೆ ಉತ್ತರ: 27, 39, 69. ಸರಿ ಯಾವುದು?

ಗವಿಮಠ ರಸ್ತೆ (ಕೊಪ್ಪಳ)

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಕೊನೆ ವರ್ಷದ ಪ್ರಾಜೆಕ್ಟ್‌ಗೆ ಅಸಿಟಿಕ್ ಆಸಿಡ್‌ನ ಕಂಡಕ್ಟಿವಿಟಿ ತೆಗೆದುಕೊಂಡಿದ್ದೇವೆ. ಸೆಲ್ ಅನ್ನು 0.01 M KCl ಹಾಕಿ ಸರಿ ಮಾಡಿಕೊಂಡೆವು, 1413 ಮೈಕ್ರೋಸೀಮೆನ್ಸ್ ತೋರಿಸಿತು. ತಾಪಮಾನ 25 ಡಿಗ್ರಿ. ಇಲ್ಲಿಯ ಬಿಸಿಲಿಗೆ ಅದನ್ನು ಹಿಡಿಯಲು ಟಬ್‌ಗೆ ಐಸ್ ಹಾಕುತ್ತಾ ಕೂರಬೇಕಾಯಿತು.

ಲೆಕ್ಕ ಮಾಡಿದ ಮೋಲಾರ್ ಕಂಡಕ್ಟಿವಿಟಿ ಹೀಗಿದೆ, ಯೂನಿಟ್ S cm² mol⁻¹:

```
c (M)     Λ
0.05      7.36
0.02      11.6
0.01      16.2
0.005     22.8
0.001     48.6
```

ತೊಂದರೆ ಈಗ ಶುರು. √c ವಿರುದ್ಧ Λ ಗ್ರಾಫ್ ಹಾಕಿ ಸೊನ್ನೆಗೆ ಎಳೆಯಬೇಕು ಅಂತ ರೆಕಾರ್ಡ್ ಪುಸ್ತಕದಲ್ಲಿದೆ. KCl ಗೆ ಹಾಗೇ ಮಾಡಿದಾಗ 150ರ ಹತ್ತಿರ ಬಂತು. ಇದಕ್ಕೆ ಮೊದಲ ನಾಲ್ಕು ಬಿಂದು ಸೇರಿಸಿ ಗೆರೆ ಎಳೆದರೆ 27 ಬರುತ್ತದೆ. 0.01 ಮತ್ತು 0.005 ಎರಡನ್ನೇ ಇಟ್ಟುಕೊಂಡರೆ 39. 0.005 ಮತ್ತು 0.001 ಇಟ್ಟುಕೊಂಡರೆ 69. ಟೇಬಲ್‌ನಲ್ಲಿ ಇರುವುದು 390! ರೀಡಿಂಗ್ ಪುನಃ ತೆಗೆದೆವು, ಅದೇ ಬರುತ್ತಿದೆ. ಇನ್ನೂ ನೀರು ಸೇರಿಸುತ್ತಾ ಹೋದರೆ 390 ಸಿಗುತ್ತದಾ?

---

ಬಳ್ಳಾರಿ ಟ್ಯೂಷನ್

ಸಿಗಲೇಬೇಕಲ್ಲ. ಡೈಲ್ಯೂಟ್ ಮಾಡಿದಷ್ಟೂ ಅಯಾನುಗಳ ನಡುವೆ ಜಾಗ ಜಾಸ್ತಿ, ಎಳೆದಾಟ ಕಡಿಮೆ. ಸಂತೆಯಲ್ಲಿ ಜನ ಕಡಿಮೆಯಾದರೆ ನಾವು ಬೇಗ ನಡೆಯುತ್ತೇವಲ್ಲ, ಹಾಗೆ. ಅದಕ್ಕೇ ಮೋಲಾರ್ ಕಂಡಕ್ಟಿವಿಟಿ ಏರುತ್ತದೆ. ಇನ್ನೂ ಎರಡು ಮೂರು ಡೈಲ್ಯೂಷನ್ ಮಾಡಿ, ಗೆರೆ ಸರಿಯಾಗುತ್ತದೆ. ನಾನು ಸೆಕೆಂಡ್ ಪಿಯು ಮಕ್ಕಳಿಗೆ ಹೀಗೇ ಹೇಳಿಕೊಡುವುದು.

---

ಸಿಂಧನೂರು ಗದ್ದೆ

ಇದು ನನಗೂ ಬೇಕಾದ ವಿಷಯ, ಅದಕ್ಕೆ ಕೇಳುತ್ತಿದ್ದೇನೆ. ನಮ್ಮ ಬೋರ್ ನೀರಿಗೆ ಮೀಟರ್ ಅದ್ದಿದರೆ ಇಸಿ 3200 ತೋರಿಸುತ್ತದೆ. ಅದಕ್ಕೆ ಕಾಲುವೆ ನೀರು ಬೆರೆಸಿದರೆ ಕೆಳಗೆ ಇಳಿಯುತ್ತದೆ, ಕಣ್ಣಾರೆ ನೋಡಿದ್ದೇನೆ. ನೀವೆಲ್ಲ ನೀರು ಬೆರೆಸಿದರೆ ಏರುತ್ತದೆ ಅನ್ನುತ್ತಿದ್ದೀರಿ. ನನ್ನ ಮೀಟರ್ ಕೆಟ್ಟಿದೆಯಾ?

---

ಸಿರುಗುಪ್ಪ 07

ಅಣ್ಣಾ ಮೀಟರ್ ಸರಿ ಇದೆ. ನೀವು ಹೇಳುತ್ತಿರೋದು κ, ಅವರು ಹೇಳುತ್ತಿರೋದು Λ.

---

ಹಳೇ ಲ್ಯಾಬ್ (ರಾಯಚೂರು)

ಸಿರುಗುಪ್ಪದ ಹುಡುಗ ಹೇಳಿದ್ದು ಸರಿ. ಗದ್ದೆಯವರೇ, ನಿಮ್ಮ ಮೀಟರ್ ನೋಡುವುದು ಒಂದು ಸೆಂಟಿಮೀಟರ್ ಜಾಗದಲ್ಲಿ ಎಷ್ಟು ಕರೆಂಟ್ ದಾಟುತ್ತದೆ ಅನ್ನುವುದನ್ನು. ನೀರು ಬೆರೆಸಿದರೆ ಆ ಜಾಗದಲ್ಲಿ ಉಪ್ಪು ಕಡಿಮೆಯಾಗುತ್ತದೆ, ರೀಡಿಂಗ್ ಇಳಿಯುತ್ತದೆ. ಈ ಹುಡುಗಿಯ ರೀಡಿಂಗ್ ಕೂಡ ಇಳಿದೇ ಇರುತ್ತದೆ. 0.01 M ಗೆ 162 ಮೈಕ್ರೋಸೀಮೆನ್ಸ್, 0.001 M ಗೆ 48.6. ಅದನ್ನು ಸಾಂದ್ರತೆಯಿಂದ ಭಾಗಿಸಿ, ಒಂದು ಮೋಲ್ ಪದಾರ್ಥದ ಪಾಲಿಗೆ ಎಷ್ಟು ಅಂತ ನೋಡಿದಾಗ 16.2 ಇದ್ದದ್ದು 48.6ಕ್ಕೆ ಏರುತ್ತದೆ. ಎರಡೂ ಒಟ್ಟಿಗೆ ನಿಜ.

ಟ್ಯೂಷನ್ ಸರ್, ನಿಮ್ಮ ಮಾತಿಗೆ ನನ್ನ ತಕರಾರಿದೆ. ಸಂತೆಯ ಹೋಲಿಕೆ KCl ಗೆ ಸರಿ. ಅಲ್ಲಿ ಎಲ್ಲ ಅಯಾನುಗಳೂ ಮೊದಲೇ ಬಿಡಿಬಿಡಿ ಇವೆ, ಡೈಲ್ಯೂಟ್ ಮಾಡಿದಾಗ ಅವುಗಳ ಓಟ ಸ್ವಲ್ಪ ಸಲೀಸಾಗುತ್ತದೆ. ಆ "ಸ್ವಲ್ಪ" ಎಷ್ಟು ನೋಡಿ: 0.1 M KCl ಗೆ 129, ಸೊನ್ನೆಗೆ ಎಳೆದರೆ 150. ನೂರಕ್ಕೆ ಹದಿನಾರರಷ್ಟು ಏರಿಕೆ, ಅಷ್ಟೇ.

ಅಸಿಟಿಕ್ ಆಸಿಡ್ 0.1 M ಗೆ 5.2 ಇರುತ್ತದೆ. ಅಲ್ಲಿಂದ 390 ಅಂದರೆ 75 ಪಟ್ಟು. ಓಟ ಸಲೀಸಾಗುವುದರಿಂದ 75 ಪಟ್ಟು ಬರಲು ಸಾಧ್ಯವೇ ಇಲ್ಲ. ಇಲ್ಲಿ ಏರುತ್ತಿರುವುದು ಅಯಾನುಗಳ ಸಂಖ್ಯೆ. 0.1 M ನಲ್ಲಿ ನೂರು ಅಣುಗಳಲ್ಲಿ ಒಂದು ಚಿಲ್ಲರೆ ಮಾತ್ರ ಒಡೆದಿರುತ್ತದೆ. ಉಳಿದವು ಸುಮ್ನೆ ಇಡಿಯಾಗಿ ತೇಲುತ್ತಿರುತ್ತವೆ, ಕರೆಂಟ್‌ಗೆ ಅವುಗಳಿಂದ ಏನೂ ಉಪಯೋಗವಿಲ್ಲ. ನೀರು ಸೇರಿಸಿದಂತೆ ಒಡೆಯುವ ಪಾಲು ಹೆಚ್ಚುತ್ತದೆ.

---

ಬಳ್ಳಾರಿ ಟ್ಯೂಷನ್

ಮೇಡಂ, ಎರಡೂ ಕಾರಣ ಇರುತ್ತವಲ್ಲ. ವೀಕ್ ಎಲೆಕ್ಟ್ರೋಲೈಟ್‌ನಲ್ಲಿ ಎಳೆದಾಟವೇ ಇಲ್ಲ ಅಂತೀರಾ?

---

ಹಳೇ ಲ್ಯಾಬ್

ಇದೆ, ಆದರೆ ಬಹಳ ಚಿಕ್ಕದು. ಯಾಕೆಂದರೆ 0.01 M ಅಸಿಟಿಕ್ ಆಸಿಡ್‌ನಲ್ಲಿ ಬಿಡಿ ಅಯಾನುಗಳ ಸಾಂದ್ರತೆ ಬರೀ 0.0004 M. ಎಳೆದಾಡಿಕೊಳ್ಳಲು ಪಕ್ಕದಲ್ಲಿ ಯಾರೂ ಇಲ್ಲ. ಮಕ್ಕಳಿಗೆ ಎರಡೂ ಸಂಗತಿಯನ್ನು ಒಂದೇ ಕಾರಣದಲ್ಲಿ ಹೇಳಿದರೆ, ಎರಡೂ ಗ್ರಾಫ್ ಒಂದೇ ಥರ ಇರಬೇಕು ಅಂದುಕೊಳ್ಳುತ್ತಾರೆ. ಈ ಹುಡುಗಿಯ ರೆಕಾರ್ಡ್ ಪುಸ್ತಕದಲ್ಲಿ ಆಗಿರುವುದು ಅದೇ.

ನಿಮ್ಮ ಕ್ಲಾಸಿನಲ್ಲೇ ತೋರಿಸಬಹುದು. 0.1 M ಉಪ್ಪಿನ ನೀರನ್ನು ನೂರು ಪಟ್ಟು ಡೈಲ್ಯೂಟ್ ಮಾಡಿ. κ 10,670ರಿಂದ 124ಕ್ಕೆ ಬರುತ್ತದೆ, ಹತ್ತಿರ ಹತ್ತಿರ 86 ಪಟ್ಟು ಇಳಿಕೆ. ಅದೇ ಅಸಿಟಿಕ್ ಆಸಿಡ್ ಅನ್ನು ನೂರು ಪಟ್ಟು ಡೈಲ್ಯೂಟ್ ಮಾಡಿದರೆ 520ರಿಂದ 49ಕ್ಕೆ ಮಾತ್ರ ಬರುತ್ತದೆ, ಹನ್ನೊಂದು ಪಟ್ಟೂ ಇಳಿಯುವುದಿಲ್ಲ. ಒಳಗೆ ಹೊಸ ಅಯಾನು ಹುಟ್ಟುತ್ತಿರುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

---

ಬಳ್ಳಾರಿ ಟ್ಯೂಷನ್

ಈ ಹನ್ನೊಂದು ಪಟ್ಟಿನ ಲೆಕ್ಕ ಚೆನ್ನಾಗಿದೆ. ಸೋಮವಾರದ ಬ್ಯಾಚ್‌ಗೆ ಮಾಡಿ ತೋರಿಸುತ್ತೇನೆ. ಆದರೂ ಹುಡುಗಿ ಕೇಳಿದ್ದು ಬೇರೆ. ಇನ್ನೂ ಡೈಲ್ಯೂಟ್ ಮಾಡಿದರೆ 390 ಬರಬೇಕು ತಾನೇ? ಎಲ್ಲ ಅಣುಗಳೂ ಒಡೆದ ಮೇಲೆ?

---

ಶಕ್ತಿನಗರ ನೀರು

ಇದಕ್ಕೆ ನಾನು ಹೇಳುತ್ತೇನೆ, ನನ್ನ ಹೊಟ್ಟೆಪಾಡೇ ಕಂಡಕ್ಟಿವಿಟಿ. ಪವರ್ ಪ್ಲಾಂಟ್‌ನಲ್ಲಿ ಬಾಯ್ಲರ್ ನೀರು ನೋಡಿಕೊಳ್ಳುವವನು.

ತಂಗಿ, ಸೊನ್ನೆಯ ಹತ್ತಿರ ಹೋದರೆ ನಿನ್ನ ಮೀಟರ್ ಅಸಿಟಿಕ್ ಆಸಿಡ್ ಅನ್ನು ಓದುವುದಿಲ್ಲ, ನೀರನ್ನು ಓದುತ್ತದೆ. ಲೆಕ್ಕ ಹಾಕೋಣ. 0.00001 M ಗೆ ಹೋದೆ ಅಂದುಕೋ. ಆಗ ನೂರರಲ್ಲಿ 71 ಅಣು ಒಡೆದಿರುತ್ತವೆ, Λ ಸುಮಾರು 278. ಇಷ್ಟು ಡೈಲ್ಯೂಟ್ ಮಾಡಿದ ಮೇಲೂ 390 ಇಲ್ಲ. ಆ ದ್ರಾವಣದ κ ಎಷ್ಟು? 2.8 ಮೈಕ್ರೋಸೀಮೆನ್ಸ್. ಇನ್ನೂ ಹತ್ತು ಪಟ್ಟು ಕೆಳಗೆ, 0.000001 M ಗೆ ಹೋದರೆ Λ 370 ಆಗುತ್ತದೆ, ಆದರೆ κ ಬರೀ 0.37.

ಈಗ ನಿನ್ನ ಡಿಸ್ಟಿಲ್ಡ್ ವಾಟರ್ ಕ್ಯಾನ್‌ಗೆ ಮೀಟರ್ ಅದ್ದಿ ನೋಡು. ಗಾಳಿಗೆ ತೆರೆದಿಟ್ಟ ನೀರು ಎಷ್ಟೇ ಒಳ್ಳೆಯದಿದ್ದರೂ 1ರ ಆಸುಪಾಸು ತೋರಿಸುತ್ತದೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿ ಅಷ್ಟು ಕೊಡುತ್ತದೆ. ನಮ್ಮಲ್ಲಿ ಪೂರ್ತಿ ಮುಚ್ಚಿದ ಪೈಪ್‌ನಲ್ಲಿ 0.1ಕ್ಕಿಂತ ಕೆಳಗೆ ಓಡುವ ನೀರನ್ನು ಬೀಕರ್‌ಗೆ ಹಿಡಿದು ಟೇಬಲ್ ಮೇಲಿಟ್ಟರೆ, ನೋಡನೋಡುತ್ತಾ ರೀಡಿಂಗ್ ಏರುತ್ತದೆ. ಹೊಸಬರು ಪ್ರೋಬ್ ಕೆಟ್ಟಿದೆ ಅಂತ ಓಡಿ ಬರುತ್ತಾರೆ. ಕೆಟ್ಟಿರುವುದಿಲ್ಲ, ನೀರು ಗಾಳಿ ಕುಡಿಯುತ್ತಿರುತ್ತದೆ.

ಅಂದರೆ ನೀನು ಹುಡುಕುತ್ತಿರುವ 0.37 ಅನ್ನು ನೀರಿನ 1 ಮುಚ್ಚಿಹಾಕುತ್ತದೆ. ಆ ದಾರಿ ಮುಚ್ಚಿದೆ.

---

ಸಿರುಗುಪ್ಪ 07

ಗಾಳಿಯೇ ತಾಗದಂತೆ ಮಾಡಿದರೆ? ಪೂರ್ತಿ ಶುದ್ಧ ನೀರಿಗೆ ಸೊನ್ನೆ ಇರುತ್ತಾ?

---

ಶಕ್ತಿನಗರ ನೀರು

ಇಲ್ಲ ತಮ್ಮಾ. 25 ಡಿಗ್ರಿಯಲ್ಲಿ 0.055. ಅದಕ್ಕಿಂತ ಕೆಳಗೆ ಯಾವ ನೀರೂ ಇಳಿಯುವುದಿಲ್ಲ. ನೀರು ತಾನೇ ಒಂಚೂರು ಒಡೆದಿರುತ್ತದೆ.

---

ಹಳೇ ಲ್ಯಾಬ್

ಅದರಲ್ಲೇ ಇನ್ನೊಂದು ಸ್ವಾರಸ್ಯ ಇದೆ. ಅಸಿಟಿಕ್ ಆಸಿಡ್ ನೂರಕ್ಕೆ 99 ಒಡೆಯಬೇಕಾದರೆ, ಬರೀ ಅದರದ್ದೇ ಲೆಕ್ಕದಲ್ಲಿ, ಸಾಂದ್ರತೆ ಸುಮಾರು 0.00000018 M ಗೆ ಇಳಿಯಬೇಕು. ಅಲ್ಲಿ ನೀರಿನದೇ ಹೈಡ್ರೋಜನ್ ಅಯಾನು 0.0000001 M ಇರುತ್ತದೆ, ಹೆಚ್ಚುಕಮ್ಮಿ ಅಷ್ಟೇ. ಆ ಹೈಡ್ರೋಜನ್ ಅಯಾನು ಆಸಿಡ್ ಪೂರ್ತಿ ಒಡೆಯಲು ಬಿಡುವುದಿಲ್ಲ. ಎಷ್ಟೇ ನೀರು ಸುರಿದರೂ ನೂರಕ್ಕೆ 99.4ರ ಹತ್ತಿರ ನಿಂತುಬಿಡುತ್ತದೆ. ಅಂದರೆ 390.5 ಅನ್ನುವ ಬೆಲೆ ಇರುವ ಬಾಟಲಿ ಪ್ರಪಂಚದಲ್ಲಿ ಎಲ್ಲೂ ಸಿಗುವುದಿಲ್ಲ. ಅದು ಲೆಕ್ಕದಿಂದ ಮಾತ್ರ ತಲುಪುವ ಸಂಖ್ಯೆ.

ಮಗಳೇ, ನಿನ್ನ 27, 39, 69 ರಲ್ಲಿ ಸರಿ ಯಾವುದೂ ಅಲ್ಲ. ಆದರೆ ಆ ಮೂರೂ ಸೇರಿ ಒಂದು ಮಾತು ಹೇಳುತ್ತಿವೆ. ಬಿಂದು ಬದಲಿಸಿದಾಗಲೆಲ್ಲ ಉತ್ತರ ಓಡಿ ಹೋದರೆ ಅಲ್ಲಿ ಗೆರೆಯೇ ಇಲ್ಲ ಅಂತ ಅರ್ಥ. ಅದು ಬಾಗಿದ ರೇಖೆ, ಸೊನ್ನೆಯ ಹತ್ತಿರ ಗೋಡೆಯಂತೆ ನೆಟ್ಟಗೆ ಏಳುತ್ತದೆ. ಇದನ್ನು ರೆಕಾರ್ಡ್‌ನಲ್ಲಿ ಹಾಗೇ ಬರಿ, ಅಳಿಸಬೇಡ.

---

ಗವಿಮಠ ರಸ್ತೆ

ಮೇಡಂ, ಸರ್, ತುಂಬಾ ಥ್ಯಾಂಕ್ಸ್. ನಮ್ಮ ನೀರಿಗೆ ಮೀಟರ್ ಅದ್ದಿ ನೋಡಿದೆ, 1.5 ಇದೆ. ಹಾಗಾದರೆ 390 ಅಂತ ಟೇಬಲ್‌ನಲ್ಲಿ ಬರೆದವರು ಹೇಗೆ ಪಡೆದರು? ಕೋಲ್ರಾಶ್ ನಿಯಮ ಅಂತ ಓದಿದ್ದೇನೆ, ಮೂರು ಸಂಖ್ಯೆ ಕೂಡಿ ಕಳೆಯುವುದು. ಅದನ್ನು ನಂಬುವುದು ಹೇಗೆ ಅನ್ನುವುದು ನನ್ನ ಪ್ರಶ್ನೆ. ಬೇರೆ ಮೂರು ಪದಾರ್ಥಗಳ ಅಂಕಿಯಿಂದ ಇದರ ಅಂಕಿ ಬರುತ್ತದೆ ಅಂದರೆ ವೈವಾದಲ್ಲಿ ಖಂಡಿತ ಕೇಳುತ್ತಾರೆ.

---

ಪೆನ್ಸಿಲ್ ಗ್ರಾಫ್

ಬೇರೆ ಪದಾರ್ಥ ಯಾಕೆ ಬೇಕು? ನಿನ್ನ ಹತ್ತಿರ ಇರುವ ಐದು ಬಿಂದುಗಳಲ್ಲೇ 390 ಅಡಗಿದೆ. ಆಸ್ಟ್‌ವಾಲ್ಡ್ ಸೂತ್ರವನ್ನು ತಿರುಗಿಸಿ ಬರೆ:

```
cΛ = KΛ₀²·(1/Λ) − KΛ₀
```

1/Λ ವಿರುದ್ಧ cΛ ಗ್ರಾಫ್ ಹಾಕು. ಇದು ನೇರ ಗೆರೆ. ಇಳಿಜಾರು ಮತ್ತು ಇಂಟರ್‌ಸೆಪ್ಟ್ ಭಾಗಿಸಿದರೆ ಸೊನ್ನೆ ಸಾಂದ್ರತೆಯ Λ₀ ಬಂತು, ಆಸಿಡ್ ಒಡೆಯುವ ಸ್ಥಿರಾಂಕ K ಕೂಡ ಬಂತು. ಎಂಎಸ್ಸಿಯಲ್ಲಿ ನಾವು ಮಾಡಿದ್ದೇವೆ. ಕೋಲ್ರಾಶ್ ಬೇಡವೇ ಬೇಡ.

---

ಹಳೇ ಲ್ಯಾಬ್

ಸೂತ್ರ ಸರಿ. ಅದರಿಂದ ಈ ರೀಡಿಂಗ್‌ಗಳಲ್ಲಿ Λ₀ ಸಿಗುತ್ತದೆ ಅನ್ನುವುದು ಸರಿಯಲ್ಲ. ಅಂಕಿ ಇಟ್ಟು ನೋಡಪ್ಪ. ಇಂಟರ್‌ಸೆಪ್ಟ್ KΛ₀ ಅಂದರೆ 0.007. 0.05 M ನಲ್ಲಿ cΛ 0.368. ಅಂದರೆ ನೀನು ಹುಡುಕುತ್ತಿರುವುದು ಆ ಬಿಂದುವಿನ ನೂರರಲ್ಲಿ ಎರಡು ಭಾಗ. ಪಿಪೆಟ್, ಫ್ಲಾಸ್ಕ್, ತಾಪಮಾನ ಎಲ್ಲ ಸೇರಿ ಕಾಲೇಜು ಲ್ಯಾಬ್‌ನಲ್ಲಿ ನೂರಕ್ಕೆ ಒಂದೆರಡು ತಪ್ಪು ಇದ್ದೇ ಇರುತ್ತದೆ. ಇಂಟರ್‌ಸೆಪ್ಟ್ ಅದರಲ್ಲೇ ಮುಳುಗಿಹೋಗುತ್ತದೆ.

ಇನ್ನೊಂದು ರೀತಿ ನೋಡು. ಅವಳ ಅಂಕಿಗಳಿಗೆ cΛ² ಲೆಕ್ಕ ಹಾಕು. 0.05ಕ್ಕೆ 2.71, 0.02ಕ್ಕೆ 2.69, 0.01ಕ್ಕೆ 2.62, 0.005ಕ್ಕೆ 2.60. ಹೆಚ್ಚುಕಮ್ಮಿ ಒಂದೇ ಸಂಖ್ಯೆ. ಒಡೆದ ಪಾಲು ಕಡಿಮೆ ಇರುವಾಗ ಈ ದ್ರಾವಣಗಳು ನಿನಗೆ ತಿಳಿಸುವುದು KΛ₀² ಅನ್ನುವ ಒಂದೇ ಗುಣಲಬ್ಧವನ್ನು. ಅದರಲ್ಲಿ K ಎಷ್ಟು, Λ₀ ಎಷ್ಟು ಅಂತ ಬಿಡಿಸಲು ಆಗುವುದಿಲ್ಲ. 0.001ಕ್ಕೆ ಬಂದಾಗ 2.36 ಆಗಿ ಸ್ವಲ್ಪ ಬಾಗುತ್ತದೆ. ಬಿಡಿಸುವ ಮಾಹಿತಿ ಎಲ್ಲ ಆ ಬಾಗಿನಲ್ಲಿದೆ, ಅದೂ ಒಂದೇ ಬಿಂದುವಿನಲ್ಲಿ.

---

ಪೆನ್ಸಿಲ್ ಗ್ರಾಫ್

ಹಾಗಾದರೆ 0.001ರಿಂದ 0.0001ರ ನಡುವೆ ಐದಾರು ಬಿಂದು ತೆಗೆದರೆ ಆಗುತ್ತದಲ್ಲ. ವಿಧಾನದ ತಪ್ಪಲ್ಲ, ಬಿಂದುಗಳ ತಪ್ಪು.

---

ಹಳೇ ಲ್ಯಾಬ್

ಒಪ್ಪುತ್ತೇನೆ, ಅಲ್ಲಿ ವಿಧಾನ ಚೆನ್ನಾಗಿ ನಡೆಯುತ್ತದೆ. ಆದರೆ ಅಲ್ಲಿ ಶಕ್ತಿನಗರದವರು ಹೇಳಿದ ನೀರಿನ ಕಾಟ ಶುರುವಾಗುತ್ತದೆ. 1932ರಲ್ಲಿ ಮ್ಯಾಕ್‌ಇನ್ನೆಸ್ ಮತ್ತು ಶೆಡ್ಲೋವ್ಸ್ಕಿ ಅಸಿಟಿಕ್ ಆಸಿಡ್ ಅನ್ನು ಅಷ್ಟು ಕೆಳಗೆ ಅಳೆದು ಒಳ್ಳೆಯ ಅಂಕಿ ಕೊಟ್ಟಿದ್ದಾರೆ, ಅದಕ್ಕೂ ಕೆಳಗೆ ಹೋಗಿದ್ದಾರೆ. 0.000028 M ನಲ್ಲಿ ಅವರಿಗೆ ಸಿಕ್ಕ Λ 210. ನೋಡಿ, ಅಷ್ಟು ಜಾಗ್ರತೆಯಿಂದ ಅಷ್ಟು ದೂರ ಹೋದವರಿಗೂ ಅರ್ಧ ಚಿಲ್ಲರೆಯಷ್ಟೇ ಸಿಕ್ಕಿದ್ದು. ಅವರೂ Λ₀ ಅನ್ನು ಸ್ಟ್ರಾಂಗ್ ಎಲೆಕ್ಟ್ರೋಲೈಟ್‌ಗಳಿಂದಲೇ ಕಟ್ಟಿದರು.

ಈಗ ಹುಡುಗಿಯ ಪ್ರಶ್ನೆ, ನಂಬುವುದು ಹೇಗೆ. ಕೋಲ್ರಾಶ್ ಮೊದಲು ಕಂಡದ್ದು ಅಂಕಿಗಳಲ್ಲಿನ ಒಂದು ಹೊಂದಾಣಿಕೆ. KCl 149.9, NaCl 126.4, ವ್ಯತ್ಯಾಸ 23.5. KNO₃ 145.0, NaNO₃ 121.6, ವ್ಯತ್ಯಾಸ 23.4. ಜೊತೆಯಲ್ಲಿ ಕ್ಲೋರೈಡ್ ಇರಲಿ, ನೈಟ್ರೇಟ್ ಇರಲಿ, ಸೋಡಿಯಂ ತೆಗೆದು ಪೊಟ್ಯಾಸಿಯಂ ಹಾಕಿದರೆ ಏರುವುದು ಅಷ್ಟೇ. ಸೊನ್ನೆ ಸಾಂದ್ರತೆಯಲ್ಲಿ ಪ್ರತಿ ಅಯಾನೂ ತನ್ನ ಪಾಲನ್ನು ತಾನು ತರುತ್ತದೆ, ಜೊತೆಗಾರ ಯಾರು ಅಂತ ನೋಡುವುದಿಲ್ಲ.

ನಿನಗೆ ಬೇಕಿರುವುದು ಹೈಡ್ರೋಜನ್ ಅಯಾನಿನ ಪಾಲು ಮತ್ತು ಅಸಿಟೇಟ್ ಪಾಲು. ಹೈಡ್ರೋಜನ್ HCl ನಲ್ಲಿದೆ, ಅಸಿಟೇಟ್ ಸೋಡಿಯಂ ಅಸಿಟೇಟ್‌ನಲ್ಲಿದೆ. ಎರಡನ್ನೂ ಕೂಡಿದಾಗ ಬೇಡದ ಸೋಡಿಯಂ ಮತ್ತು ಕ್ಲೋರೈಡ್ ಬಂದವು, ಅವು NaCl ನಲ್ಲಿವೆ, ಕಳೆ. 425.9 + 91.0 − 126.4 = 390.5. ಮೂರೂ ಸ್ಟ್ರಾಂಗ್ ಎಲೆಕ್ಟ್ರೋಲೈಟ್. ಮೂರಕ್ಕೂ ಗೆರೆ ನೇರವಾಗಿ ಸೊನ್ನೆಗೆ ಹೋಗುತ್ತದೆ.

ವೈವಾದಲ್ಲಿ ಕೇಳಿದರೆ ಸುಮ್ಮನೆ ಹೇಳಬೇಡ, ಸೋಡಿಯಂ ಅಸಿಟೇಟ್ ನೀನೇ ಅಳೆದು ತೋರಿಸು. HCl ಮತ್ತು NaCl ಟೇಬಲ್‌ನಿಂದ ತೆಗೆದುಕೊಂಡರೂ ನಡೆಯುತ್ತದೆ.

---

ಸಿರುಗುಪ್ಪ 07

ಮೇಡಂ ಒಂದು ಡೌಟು. ಸೋಡಿಯಂ ಅಸಿಟೇಟ್ ನೀರಿನ ಜೊತೆ ಸೇರಿ ಪುನಃ ಅಸಿಟಿಕ್ ಆಸಿಡ್ ಆಗುತ್ತಲ್ಲ? ಆಗ ಅದೂ ಕೆಡಲ್ವಾ?

---

ಹಳೇ ಲ್ಯಾಬ್

ಒಳ್ಳೆ ಪ್ರಶ್ನೆ ಕೇಳಿದೆ. ಆಗುತ್ತದೆ, ಆದರೆ 0.001 M ನಲ್ಲಿ ಸಾವಿರಕ್ಕೆ ಒಂದು ಅಸಿಟೇಟ್ ಕೂಡ ಹಾಗಾಗುವುದಿಲ್ಲ. ಅದಕ್ಕಿಂತ ತುಂಬಾ ಕೆಳಗೆ ಹೋಗದಿದ್ದರೆ ಸಾಕು. 0.001ರಿಂದ 0.02ರೊಳಗೆ ಇರಲಿ.

---

ಸಿಂಧನೂರು ಗದ್ದೆ

ನನ್ನ ಮೀಟರ್ ಸರಿ ಇದೆ ಅಂದಿರಲ್ಲ, ಅದರಲ್ಲೇ ಒಂದು ಬಟನ್ ಒತ್ತಿದರೆ ಟಿಡಿಎಸ್ ಅಂತ ಬೇರೆ ಅಂಕಿ ಬರುತ್ತದೆ. 3200 ಇದ್ದದ್ದು 1600 ಆಗುತ್ತದೆ. ಅಂಗಡಿಯವನು ಟಿಡಿಎಸ್ ನೋಡಿ, ಇಸಿ ಬೇಡ ಅಂದ. ಭತ್ತಕ್ಕೆ ಯಾವುದು ನೋಡಬೇಕು?

---

ಶಕ್ತಿನಗರ ನೀರು

ಅಣ್ಣಾ, ಮೀಟರ್ ಅಳೆಯುವುದು ಇಸಿ ಒಂದೇ. ಟಿಡಿಎಸ್ ಬಟನ್ ಒತ್ತಿದರೆ ಅದನ್ನೇ 0.5ರಿಂದ ಗುಣಿಸಿ ತೋರಿಸುತ್ತಿದೆ. ಕೆಲವು ಮೀಟರ್ 0.64, 0.7ರಿಂದ ಗುಣಿಸುತ್ತವೆ. ಅದಕ್ಕೇ ಇಬ್ಬರ ಮೀಟರ್ ಟಿಡಿಎಸ್ ಹೊಂದುವುದಿಲ್ಲ, ಇಸಿ ಹೊಂದುತ್ತದೆ. ನೀವು ಇಸಿಯನ್ನೇ ಬರೆದಿಟ್ಟುಕೊಳ್ಳಿ. ಮಣ್ಣು ಪರೀಕ್ಷೆಯವರ ಲೆಕ್ಕವೂ ಇಸಿಯಲ್ಲೇ ಇರುತ್ತದೆ. ಅವರ 1 ಡೆಸಿಸೀಮೆನ್ಸ್ ಅಂದರೆ ನಿಮ್ಮ ಮೀಟರ್‌ನ 1000.

ಈ ಚರ್ಚೆಗೆ ಸೇರುವ ಮಾತೂ ಇದರಲ್ಲಿದೆ. ನಿಮ್ಮ ನೀರಿನ ಉಪ್ಪು ಪೂರ್ತಿ ಒಡೆದಿರುತ್ತದೆ, ಹಾಗಾಗಿ ಆ ಗುಣಾಕಾರ ಒಂದು ಮಟ್ಟಿಗೆ ನಡೆಯುತ್ತದೆ. ವಿನೆಗರ್‌ಗೆ ಅದೇ ಮೀಟರ್ ಅದ್ದಿದರೆ ಟಿಡಿಎಸ್ ಅಂಕಿಗೆ ಅರ್ಥವೇ ಇಲ್ಲ. ಅದರಲ್ಲಿ ಬಹುಪಾಲು ಆಸಿಡ್ ಇಡಿಯಾಗಿ ಕೂತಿರುತ್ತದೆ, ಮೀಟರ್‌ಗೆ ಕಾಣುವುದೇ ಇಲ್ಲ.

---

ಸಿಂಧನೂರು ಗದ್ದೆ

ಗೊತ್ತಾಯ್ತು. ಅಂಗಡಿಯವನಿಗೂ ಹೇಳುತ್ತೇನೆ.

---

ಬಳ್ಳಾರಿ ಟ್ಯೂಷನ್

ತಾಪಮಾನದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ ಏಪ್ರಿಲ್‌ನಲ್ಲಿ ಲ್ಯಾಬ್ ಒಳಗೇ 36, 38 ಇರುತ್ತದೆ. ಹುಡುಗಿ ಐಸ್ ಹಾಕಿ 25 ಹಿಡಿದಿದ್ದಾಳೆ, ಅಷ್ಟು ಕಷ್ಟ ಬೇಕಿಲ್ಲ. ಮೀಟರ್‌ನಲ್ಲಿ ಆಟೋಮ್ಯಾಟಿಕ್ ಕರೆಕ್ಷನ್ ಇರುತ್ತದೆ, ಆನ್ ಮಾಡಿದರಾಯಿತು.

---

ಶಕ್ತಿನಗರ ನೀರು

ಸರ್, ಇಲ್ಲಿ ಅದನ್ನು ಆನ್ ಮಾಡಿದರೆ ಕೆಡುತ್ತದೆ. ಆ ಕರೆಕ್ಷನ್ ಡಿಗ್ರಿಗೆ ನೂರಕ್ಕೆ ಎರಡರ ಲೆಕ್ಕದಲ್ಲಿರುತ್ತದೆ. ಅದು ಲವಣಕ್ಕೆ ಹೊಂದುತ್ತದೆ. 0.01 M KCl 25ರಲ್ಲಿ 1413, 30ರಲ್ಲಿ 1552, ಸರಿಯಾಗಿ ಅಷ್ಟೇ. ಹೈಡ್ರೋಜನ್ ಅಯಾನು ಓಡುವ ರೀತಿಯೇ ಬೇರೆ, ಅದರ ಏರಿಕೆ ಡಿಗ್ರಿಗೆ ಒಂದೂವರೆಗಿಂತ ಕಡಿಮೆ. ಆಸಿಡ್‌ನಲ್ಲಿ ಕರೆಂಟ್ ಹೊರುವುದು ಹೆಚ್ಚಾಗಿ ಅದೇ. 38 ಡಿಗ್ರಿಯಲ್ಲಿ ಅಳೆದು ಮೀಟರ್ ಕೈಲಿ 25ಕ್ಕೆ ತಿರುಗಿಸಿದರೆ ಆಸಿಡ್‌ನ ಅಂಕಿ ಕಡಿಮೆ ಬರುತ್ತದೆ. KCl ಮಾತ್ರ ಸರಿ ತೋರಿಸುವುದರಿಂದ ತಪ್ಪು ಎಲ್ಲಿದೆ ಅಂತ ಗೊತ್ತೂ ಆಗುವುದಿಲ್ಲ. ಐಸ್ ಹಾಕಿದ್ದೇ ಸರಿ.

---

ಗವಿಮಠ ರಸ್ತೆ

ಎಲ್ಲರೂ ಹೇಳಿದಂತೆ ಸೋಡಿಯಂ ಅಸಿಟೇಟ್ ಅಳೆದೆವು. ಅದೇ ಸೆಲ್, ಅದೇ ಐಸ್ ಟಬ್.

```
c (M)     Λ
0.02      81.2
0.01      83.8
0.005     85.7
0.001     88.5
```

ನಾಲ್ಕೂ ಬಿಂದು ಸ್ಕೇಲ್ ಇಟ್ಟಂತೆ ಗೆರೆಯ ಮೇಲೆ ಬಂದವು. ಬಿಂದು ಬದಲಿಸಿ ನೋಡಿದೆ. 0.02 ಮತ್ತು 0.005 ಇಟ್ಟುಕೊಂಡರೆ 90.2. 0.01 ಮತ್ತು 0.001 ಇಟ್ಟುಕೊಂಡರೆ 90.7. ಅಸಿಟಿಕ್ ಆಸಿಡ್‌ನಂತೆ ಓಡಿ ಹೋಗುತ್ತಿಲ್ಲ! 90.7 ಇಟ್ಟುಕೊಂಡು ಮೇಡಂ ಹೇಳಿದ ಲೆಕ್ಕ ಮಾಡಿದರೆ 390.2 ಬಂತು.

ಆಮೇಲೆ 390.5 ಇಟ್ಟುಕೊಂಡು K ತೆಗೆದೆ. 0.01 M ಗೆ ಒಡೆದ ಪಾಲು 0.0415, K = 1.80 × 10⁻⁵. 0.001 M ಗೆ ಒಡೆದ ಪಾಲು 0.1245, K = 1.77 × 10⁻⁵. ಪುಸ್ತಕದ 1.75ಕ್ಕೆ ಹತ್ತಿರವಿದೆ. ಖುಷಿಯಾಯಿತು.

ಆದರೆ ನೀರಿನ 1.5 ಅನ್ನು κ ನಿಂದ ಕಳೆಯಬೇಕು ಅಂತ ನಮ್ಮ ಗೈಡ್ ಹೇಳುತ್ತಿದ್ದಾರೆ. ಕಳೆದರೆ 0.001 M ಗೆ Λ 47.1 ಆಗಿ K 1.65ಕ್ಕೆ ಇಳಿಯುತ್ತದೆ. 0.01 M ಗೆ 1.76. ಎರಡೂ ಹೊಂದುತ್ತಿಲ್ಲ. ಕಳೆಯಬೇಕಾ, ಬೇಡವಾ?

---

ಪೆನ್ಸಿಲ್ ಗ್ರಾಫ್

ಕಳೆಯಲೇಬೇಕು. ಸಾಲ್ವೆಂಟ್ ಕರೆಕ್ಷನ್ ಅಂತ ಎಲ್ಲ ಕಡೆ ಇದೆ. ಉತ್ತರ ಚೆನ್ನಾಗಿ ಬರುತ್ತದೆ ಅಂತ ಬಿಟ್ಟುಬಿಡುವುದು ನ್ಯಾಯವಲ್ಲ.

---

ಹಳೇ ಲ್ಯಾಬ್

ಉತ್ತರ ಚೆನ್ನಾಗಿ ಬರಲಿ ಅಂತ ಅಲ್ಲ, ಕಾರಣವಿದೆ. ಆ 1.5 ಎಲ್ಲಿಂದ ಬಂತು? ಬಹುಪಾಲು ಕಾರ್ಬನ್ ಡೈಆಕ್ಸೈಡ್‌ನಿಂದ. ಅದು ನೀರಲ್ಲಿ ಕಾರ್ಬೋನಿಕ್ ಆಸಿಡ್ ಆಗುತ್ತದೆ, ಅದೂ ವೀಕ್ ಎಲೆಕ್ಟ್ರೋಲೈಟ್, ಅಸಿಟಿಕ್‌ಗಿಂತಲೂ ವೀಕ್. ಅಸಿಟಿಕ್ ಆಸಿಡ್ ಹಾಕಿದ ಕೂಡಲೇ ಅದರ ಹೈಡ್ರೋಜನ್ ಅಯಾನು ಕಾರ್ಬೋನಿಕ್ ಆಸಿಡ್ ಒಡೆಯದಂತೆ ಒತ್ತಿಹಿಡಿಯುತ್ತದೆ. 0.001 M ನಲ್ಲಿ ಬೈಕಾರ್ಬೊನೇಟ್ ಐವತ್ತನೇ ಒಂದು ಭಾಗಕ್ಕೆ ಇಳಿದಿರುತ್ತದೆ. ದ್ರಾವಣದಲ್ಲಿ ಇಲ್ಲದೇ ಇರುವುದನ್ನು ಯಾಕೆ ಕಳೆಯಬೇಕು?

ಅವಳ ಅಂಕಿಯೂ ಅದನ್ನೇ ಹೇಳುತ್ತಿದೆ. ಕಳೆಯದಿದ್ದರೆ 1.80, 1.77. ಕಳೆದರೆ 1.76, 1.65. ಡೈಲ್ಯೂಟ್ ಆದಷ್ಟೂ ಕಳೆದದ್ದರ ಹೊರೆ ಹೆಚ್ಚಾಗಿ K ಕುಸಿಯುತ್ತಿದೆ.

---

ಶಕ್ತಿನಗರ ನೀರು

ಮೇಡಂ ಹೇಳಿದ್ದು 1.5 ಪೂರ್ತಿ ಕಾರ್ಬನ್ ಡೈಆಕ್ಸೈಡ್ ಆಗಿದ್ದರೆ ಸರಿ. ಆದರೆ ಗಾಳಿಯಿಂದ ಬರುವುದು 1ರ ಹತ್ತಿರ ಮಾತ್ರ. ಉಳಿದ ಅರ್ಧ ಎಲ್ಲಿಯದು? ಡಿಸ್ಟಿಲೇಷನ್ ಸೆಟ್‌ನಿಂದ ಹಾರಿ ಬಂದ ಲವಣ ಇರಬಹುದು, ಕ್ಯಾನ್‌ನ ಗೋಡೆಯಿಂದ ಇಳಿದದ್ದಿರಬಹುದು, ಲ್ಯಾಬ್‌ನಲ್ಲಿ ಯಾರೋ ತೆರೆದಿಟ್ಟ ಅಮೋನಿಯಾ ಕೂಡ ಇರಬಹುದು. ಲವಣವಾಗಿದ್ದರೆ ಅದು ಆಸಿಡ್ ಹಾಕಿದರೂ ಹಾಗೇ ಇರುತ್ತದೆ, ಅದನ್ನು ಕಳೆಯಬೇಕು. ಅಮೋನಿಯಾ ಆಗಿದ್ದರೆ ಇನ್ನೂ ತೊಂದರೆ, ಅದು ಆಸಿಡ್ ಅನ್ನೇ ಸ್ವಲ್ಪ ತಿಂದುಹಾಕುತ್ತದೆ.

ಸೋಡಿಯಂ ಅಸಿಟೇಟ್ 0.001 M ಗೂ ಇದೇ ಪ್ರಶ್ನೆ ಬರುತ್ತದೆ. ಅಲ್ಲಿ κ 88.5 ಇರುವುದರಿಂದ ಪೆಟ್ಟು ಕಡಿಮೆ, ಅಷ್ಟೇ.

ಪರೀಕ್ಷೆ ಮಾಡುವ ದಾರಿ ಒಂದಿದೆ. ಆ ನೀರಿಗೆ ನೈಟ್ರೋಜನ್ ಬಿಡುತ್ತಾ ಮೀಟರ್ ನೋಡಬೇಕು. ಕಾರ್ಬನ್ ಡೈಆಕ್ಸೈಡ್ ಹೊರಟುಹೋಗುತ್ತದೆ. ಎಲ್ಲಿಗೆ ಬಂದು ನಿಲ್ಲುತ್ತದೋ ಅಷ್ಟನ್ನು ಕಳೆಯಬೇಕು, ಇಳಿದಷ್ಟನ್ನು ಬಿಡಬೇಕು.

---

ಗವಿಮಠ ರಸ್ತೆ

ನಮ್ಮ ಲ್ಯಾಬ್‌ನಲ್ಲಿ ನೈಟ್ರೋಜನ್ ಸಿಲಿಂಡರ್ ಇಲ್ಲ ಸರ್. ನೀರು ಕುದಿಸಿ, ಬಿಸಿ ಇರುವಾಗಲೇ ಬಿಗಿಯಾಗಿ ಮುಚ್ಚಿ ತಣ್ಣಗಾಗಿಸಿದರೆ ಆಗುತ್ತಾ?

---

ಶಕ್ತಿನಗರ ನೀರು

ಸುಮಾರಾಗಿ ಆಗುತ್ತದೆ. ಫ್ಲಾಸ್ಕ್ ಕುತ್ತಿಗೆಯವರೆಗೂ ತುಂಬಿಸು, ಮೇಲೆ ಗಾಳಿ ಉಳಿಯಬಾರದು. ಗಾಜು ಹೊಸದಾಗಿದ್ದರೆ ಬೇಡ, ಕುದಿಯುವಾಗ ಅದರಿಂದಲೇ ಸೋಡಿಯಂ ಇಳಿಯುತ್ತದೆ. ಬಳಸಿ ಬಳಸಿ ಹಳೆಯದಾದ ಬೋರೋಸಿಲಿಕೇಟ್ ತೆಗೆದುಕೋ. ಪ್ರೋಬ್ ಇಳಿಸಿದ ಕೂಡಲೇ ಓದು.

---

ಪೆನ್ಸಿಲ್ ಗ್ರಾಫ್

ನಾನು ಇನ್ನೂ ಕಳೆಯಬೇಕು ಅನ್ನುವವನೇ. ಎರಡೂ ಕಾಲಮ್ ಬರೆ, ಕಳೆದದ್ದು, ಕಳೆಯದ್ದು. ಕುದಿಸಿದ ನೀರಿನ ರೀಡಿಂಗ್ ಬಂದ ಮೇಲೆ ಇಲ್ಲಿ ಹಾಕು. 1ಕ್ಕಿಂತ ಮೇಲೆ ನಿಂತರೆ ಮೇಡಂ ವಾದ ಬಿದ್ದುಹೋಗುತ್ತದೆ.

---

ಹಳೇ ಲ್ಯಾಬ್

0.5ರ ಕೆಳಗೆ ಬಂದರೆ ನಿನ್ನದು ಬೀಳುತ್ತದೆ. ಹಾಕು ಮಗಳೇ, ಕಾಯುತ್ತೇವೆ. ಜೊತೆಗೆ 0.0005 M ನದ್ದೂ ಒಂದು ಬಿಂದು ತೆಗೆ, ಜಗಳ ಬಗೆಹರಿಸಲು ಅದು ಬೇಕಾಗುತ್ತದೆ.